ಕೆನ್ನೆಯ ಮೇಲಿನ ಚಿಟ್ಟೆ: ಬಿಸಿಲಿಗೆ ಕೆಂಪಾಗುವ ಮುಖವೆಲ್ಲ ಲೂಪಸ್ಸೇ?

ಪ್ರಶ್ನೆ: ಡಾಕ್ಟರೇ, ನನಗೆ 27 ವರ್ಷ. ರಾಣೆಬೆನ್ನೂರಿನ ಹತ್ತಿರದ ಹಳ್ಳಿ ಶಾಲೆಯಲ್ಲಿ ಟೀಚರ್. ಮೂರು ವರ್ಷದ ಮಗಳಿದ್ದಾಳೆ. ಕ್ರೀಡಾಕೂಟದ ತಯಾರಿಗೆ ವಾರಗಟ್ಟಲೆ ಮೈದಾನದಲ್ಲಿ ನಿಂತ ಮೇಲೆ ಎರಡೂ ಕೆನ್ನೆ, ಮೂಗಿನ ಮೇಲೆ ಚಿಟ್ಟೆ ರೆಕ್ಕೆಯಂತೆ ಕೆಂಪಾಯಿತು. ಅತ್ತೆ ಬಂಗು ಅಂದರು, ಪಕ್ಕದ ಮನೆಯವರು ನಾಗದೋಷ ಅಂದರು. ಮೆಡಿಕಲ್ ಶಾಪಿನವರು ಕೊಟ್ಟ ಬೆಳ್ಳಗಾಗುವ ಕ್ರೀಮ್ ಹತ್ತು ದಿನದಲ್ಲಿ ಕಡಿಮೆ ಮಾಡಿತು. ಈಗ ನಾಲ್ಕು ತಿಂಗಳಾಯಿತು, ಬಿಟ್ಟರೆ ಮುಖ ಉರಿಯುತ್ತದೆ. ಬೆಳಿಗ್ಗೆ ಎದ್ದಾಗ ಮುಕ್ಕಾಲು ಗಂಟೆ ಬೆರಳು ಮಡಚಲು ಆಗುವುದಿಲ್ಲ, ಕೂದಲೂ ಉದುರುತ್ತಿದೆ. ಲ್ಯಾಬಿನಲ್ಲಿ ಎ.ಎನ್.ಎ. ಮಾಡಿಸಿದೆ: ಪಾಸಿಟಿವ್, 1:160. ಮೊಬೈಲಿನಲ್ಲಿ ನೋಡಿದರೆ ಲೂಪಸ್ ಅಂತ ಬರುತ್ತದೆ. ಇದು ಅದೇನಾ? ಮಗಳಿಗೆ ಅಂಟುತ್ತದಾ? ಜೀವನಪೂರ್ತಿ ಸ್ಟಿರಾಯ್ಡ್ ನುಂಗಬೇಕಾ? ಇನ್ನೊಂದು ಮಗು ಬೇಕು ಅಂತಿದ್ದೇವೆ, ಅದಕ್ಕೆ ತೊಂದರೆಯಾ?

ಉತ್ತರ: ಮೊದಲು ಒಂದು ಭಾರ ಇಳಿಸಿಬಿಡುತ್ತೇನೆ: ಅಂಟುವುದಿಲ್ಲ. ಮಗಳನ್ನು ಎತ್ತಿಕೊಂಡು ಮುದ್ದಾಡಿ, ಒಂದೇ ತಟ್ಟೆಯಲ್ಲಿ ಉಣ್ಣಿ. ಲೂಪಸ್ ಅಂದರೆ ನಮ್ಮ ರೋಗನಿರೋಧಕ ವ್ಯವಸ್ಥೆ ನಮ್ಮ ಮೈಮೇಲೇ ತಿರುಗಿಬೀಳುವ ಕಾಯಿಲೆ, ಸೋಂಕಲ್ಲ. ಲೂಪಸ್ ಆಗಿದ್ದರೂ ಅಂಟುವುದಿಲ್ಲ, ಆಗಿರದಿದ್ದರೂ ಅಂಟುವುದಿಲ್ಲ.

ಇನ್ನು ನಿಮ್ಮ ಪತ್ರ ಓದಿದಾಗ ನನ್ನ ಕಣ್ಣು ನಿಂತದ್ದು ಮುಖದ ಮೇಲಲ್ಲ, ಲ್ಯಾಬ್ ರಿಪೋರ್ಟಿನ ಮೇಲೂ ಅಲ್ಲ. ಬೆಳಿಗ್ಗೆ ಮುಕ್ಕಾಲು ಗಂಟೆ ಮಡಚದ ಬೆರಳುಗಳ ಮೇಲೆ. ಹಾಗೆಯೇ ನೀವು ಬರೆಯದೆ ಬಿಟ್ಟ ಒಂದು ಪರೀಕ್ಷೆಯ ಮೇಲೆ, ಅಂದರೆ ಮೂತ್ರ ಪರೀಕ್ಷೆಯ ಮೇಲೆ. ಅದು ಏಕೆಂದು ಮುಂದೆ ಹೇಳುತ್ತೇನೆ. ಮುಖದಿಂದಲೇ ಶುರುಮಾಡೋಣ.

ಕೆನ್ನೆ ಕೆಂಪಾಯಿತು ಅಂತ ಯಾರಾದರೂ ಬಂದರೆ ನಾನು ಕಿಟಕಿಯ ಬೆಳಕಿನಲ್ಲಿ ಕೂರಿಸಿ ನೋಡುವುದು ಒಂದು ಗೆರೆಯನ್ನು. ಮೂಗಿನ ಹೊಳ್ಳೆಯ ಪಕ್ಕದಿಂದ ಬಾಯಿಯ ಮೂಲೆಗೆ ಇಳಿಯುತ್ತದಲ್ಲ, ನಕ್ಕಾಗ ಎದ್ದು ಕಾಣುವ ಗೆರೆ, ಅದು. ಲೂಪಸ್‌ನ ಚಿಟ್ಟೆ ಮೂಗಿನ ದಿಬ್ಬ ಮತ್ತು ಎರಡೂ ಕೆನ್ನೆಗಳನ್ನು ಆವರಿಸುತ್ತದೆ. ಆದರೆ ಸಾಮಾನ್ಯವಾಗಿ ಆ ಗೆರೆಯ ಕುಳಿಯನ್ನು ಬಿಟ್ಟುಬಿಡುತ್ತದೆ. ಆ ಕುಳಿಗೆ ಮೂಗಿನ, ಕೆನ್ನೆಯ ನೆರಳು ಬೀಳುತ್ತದೆ, ಬಿಸಿಲು ಕಡಿಮೆ ತಾಗುತ್ತದೆ. ಕುಳಿಯೊಳಗೇ ಕೆಂಪು, ಜೊತೆಗೆ ಹುಬ್ಬಿನಲ್ಲಿ ಜಿಡ್ಡಾದ ಹೊಟ್ಟು, ತಲೆಯಲ್ಲಿ ಹೊಟ್ಟು ಇದ್ದರೆ ನನ್ನ ಮನಸ್ಸು ಲೂಪಸ್ ಬಿಟ್ಟು ಸೆಬೋರಿಕ್ ಡರ್ಮಟೈಟಿಸ್ ಕಡೆ ಹೋಗುತ್ತದೆ. ಅದು ತಲೆಹೊಟ್ಟಿನ ಮುಖದ ರೂಪ ಎಂದುಕೊಳ್ಳಿ. ಕಣ್ಣರೆಪ್ಪೆ ನೇರಳೆಯಾಗಿ ಊದಿಕೊಂಡು, ಮೆಟ್ಟಿಲು ಹತ್ತಲು ತೊಡೆಯಲ್ಲಿ ಬಲವೇ ಇಲ್ಲ ಎಂದರೆ ಡರ್ಮಟೋಮಯೋಸೈಟಿಸ್ ಎಂಬ ಬೇರೆಯದೇ ಕಾಯಿಲೆಯ ಅನುಮಾನ.

ನಿಮ್ಮ ಅತ್ತೆ ಹೇಳಿದ ಬಂಗು ತಳ್ಳಿಹಾಕುವಂಥ ಮಾತಲ್ಲ. ನಮ್ಮ ಕಡೆ ಕೆನ್ನೆಯ ಕಲೆಗಳಲ್ಲಿ ಅದೇ ಹೆಚ್ಚು, ಬಿಸಿಲಿಗೆ ಅದೂ ಗಾಢವಾಗುತ್ತದೆ. ಆದರೆ ಬಂಗು ಕಂದು, ಕೆಂಪಲ್ಲ. ಚರ್ಮದ ಮಟ್ಟಕ್ಕೇ ಇರುತ್ತದೆ, ಕೈಯಾಡಿಸಿದರೆ ತಿಳಿಯುವುದಿಲ್ಲ, ಉರಿಯುವುದಿಲ್ಲ, ತಿಂಗಳುಗಟ್ಟಲೆ ಮೆಲ್ಲಗೆ ಹರಡುತ್ತದೆ. ರೊಸೇಶಿಯಾ ಎಂಬುದು ಇನ್ನೊಂದು. ಅದರಲ್ಲಿ ಖಾರ ತಿಂದರೆ, ಒಲೆಯ ಮುಂದೆ ನಿಂತರೆ ಮುಖ ಕೆಂಪೇರುತ್ತದೆ, ಚಿಕ್ಕ ಕೀವಿನ ಗುಳ್ಳೆಗಳಿರುತ್ತವೆ. ಲೂಪಸ್‌ನ ಚಿಟ್ಟೆಯಲ್ಲಿ ಕೀವಿನ ಗುಳ್ಳೆ ಇರುವುದಿಲ್ಲ. ನಮ್ಮ ಗೋಧಿ, ಕಪ್ಪು ಮೈಬಣ್ಣದಲ್ಲಿ ಪುಸ್ತಕದ ಚಿತ್ರದಂಥ ಗುಲಾಬಿ ಕೆಂಪು ಕಾಣುವುದೂ ಅಪರೂಪ. ನೇರಳೆ ಛಾಯೆಯೋ, ಕಂದು ಮಿಶ್ರಿತ ಕೆಂಪೋ ಆಗಿರುತ್ತದೆ. ಹಾಗಾಗಿ ಮೊಬೈಲಿನಲ್ಲಿ ಬರುವ ಬಿಳಿಯರ ಫೋಟೋಗಳಿಗೆ ಹೋಲಿಸಿ ತೀರ್ಮಾನಿಸಬೇಡಿ.

ಇನ್ನೊಂದು ಸುಳಿವು ಸಮಯದ್ದು. ಬಿಸಿಲಿಗೆ ಹೋಗಿ ಬಂದ ಕೆಲವೇ ಗಂಟೆಗಳಲ್ಲಿ ತುರಿಕೆಯ ಗುಳ್ಳೆ ಎದ್ದು, ಹತ್ತು ದಿನದೊಳಗೆ ತಾನಾಗಿ ಇಳಿದರೆ ಅದು ಬಹುಪಾಲು ಬರಿಯ ಬಿಸಿಲಿನ ಅಲರ್ಜಿ. ಲೂಪಸ್ ಅಷ್ಟು ಅವಸರ ಮಾಡುವುದಿಲ್ಲ. ಬಿಸಿಲು ಬಿದ್ದ ಎಷ್ಟೋ ದಿನಗಳ ಮೇಲೆ, ಕೆಲವೊಮ್ಮೆ ಒಂದೆರಡು ವಾರ ಕಳೆದು ಕಾಣಿಸಿಕೊಂಡು ವಾರಗಟ್ಟಲೆ ಉಳಿಯುತ್ತದೆ. ಈ ವಿಳಂಬದಿಂದಾಗಿಯೇ ಅನೇಕರು "ನನಗೂ ಬಿಸಿಲಿಗೂ ಸಂಬಂಧವೇ ಇಲ್ಲ ಡಾಕ್ಟರೇ" ಅನ್ನುತ್ತಾರೆ. ಭಾನುವಾರದ ಜಾತ್ರೆಯ ಬಿಸಿಲು ಮುಂದಿನ ವಾರ ಮುಖದಲ್ಲಿ ಬಂದರೆ ಯಾರಿಗೆ ತಾನೇ ನೆನಪಿರುತ್ತದೆ?

ಬಿಸಿಲಿಗೂ ಈ ಕಾಯಿಲೆಗೂ ಏನು ನಂಟು ಎಂದರೆ, ಬಿಸಿಲಿನ ಅತಿನೇರಳೆ ಕಿರಣ ಎಲ್ಲರ ಚರ್ಮದಲ್ಲೂ ಒಂದಷ್ಟು ಕೋಶಗಳನ್ನು ಕೊಲ್ಲುತ್ತದೆ. ಆರೋಗ್ಯವಂತರಲ್ಲಿ ಸತ್ತ ಕೋಶಗಳನ್ನು ದೇಹ ಸದ್ದಿಲ್ಲದೆ ಗುಡಿಸಿ ಹಾಕುತ್ತದೆ. ಲೂಪಸ್ ಇರುವವರಲ್ಲಿ ಈ ಗುಡಿಸುವ ಕೆಲಸ ಸರಿಯಾಗಿ ಆಗುವುದಿಲ್ಲ. ಕೋಶದ ನ್ಯೂಕ್ಲಿಯಸ್ಸಿನೊಳಗೆ ಮುಚ್ಚಿಕೊಂಡಿರಬೇಕಾದ ವಸ್ತುಗಳು ಹೊರಗೆ ಬಿದ್ದಿರುತ್ತವೆ. ಅವನ್ನು ಕಂಡ ರೋಗನಿರೋಧಕ ವ್ಯವಸ್ಥೆ ಪರಕೀಯರು ಬಂದರೆಂದು ಭ್ರಮಿಸಿ ಪ್ರತಿಕಾಯಗಳನ್ನು ಹುಟ್ಟಿಸುತ್ತದೆ, ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ರಾಸಾಯನಿಕ ಉಕ್ಕುತ್ತದೆ. ಉರಿಯೂತ ಚರ್ಮದಲ್ಲಿ ಹೊತ್ತಿಕೊಂಡರೂ ಅಲ್ಲೇ ನಿಲ್ಲಬೇಕೆಂದಿಲ್ಲ. ಕೀಲು, ಮೂತ್ರಪಿಂಡ, ರಕ್ತಕಣಗಳವರೆಗೂ ಹೋಗಬಹುದು. ಇದರಲ್ಲಿ ರಕ್ತ ಕೆಟ್ಟದ್ದೂ ಇಲ್ಲ, ದೋಷ ತಟ್ಟಿದ್ದೂ ಇಲ್ಲ. "ಇಮ್ಯುನಿಟಿ ಕಡಿಮೆಯಾಗಿದೆ, ಹೆಚ್ಚಿಸುವ ಪುಡಿ ತಗೋ" ಎನ್ನುವವರ ಮಾತೂ ಇಲ್ಲಿಗೆ ಹೊಂದುವುದಿಲ್ಲ, ಇಲ್ಲಿ ತೊಂದರೆ ಇರುವುದು ಶಕ್ತಿಯ ಕೊರತೆಯಲ್ಲಲ್ಲ, ಅದು ತನ್ನವರ ಮೇಲೇ ತಿರುಗಿಬಿದ್ದಿರುವುದರಲ್ಲಿ. ನಾಗರ ಪೂಜೆ ಮಾಡಿಸಿದರೆ ನನ್ನದೇನೂ ತಕರಾರಿಲ್ಲ. ಅದು ಮುಗಿಯಲಿ ಎಂದು ರಕ್ತಪರೀಕ್ಷೆ ಮುಂದೂಡಿದರೆ ಮಾತ್ರ ಇದೆ.

ಈಗ ಆ ಕ್ರೀಮಿನ ವಿಷಯ. ಹೆಸರು ನೀವು ಬರೆದಿಲ್ಲ, ಆದರೂ ಊಹಿಸಬಲ್ಲೆ. ಇಂಥ "ಬೆಳ್ಳಗಾಗುವ" ಟ್ಯೂಬುಗಳಲ್ಲಿ ಸಾಮಾನ್ಯವಾಗಿ ಮೂರು ಔಷಧಿ ಬೆರೆತಿರುತ್ತವೆ: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಜೊತೆಗೊಂದು ಸ್ಟಿರಾಯ್ಡ್. ಸ್ಟಿರಾಯ್ಡ್ ಯಾವ ಕೆಂಪನ್ನಾದರೂ ಇಳಿಸುತ್ತದೆ, ಅದಕ್ಕೇ ಹತ್ತು ದಿನದಲ್ಲಿ ಗುಣ ಕಂಡಿತು. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಸಣ್ಣ ರಕ್ತನಾಳಗಳು ಹಿಗ್ಗುತ್ತವೆ. ಹಚ್ಚುವುದು ಬಿಟ್ಟ ಮೂರನೆಯ ದಿನ ಮುಖ ಉರಿದು ಕೆಂಪಾಗುತ್ತದೆ, ಮತ್ತೆ ಹಚ್ಚಬೇಕಾಗುತ್ತದೆ. ಟ್ರೆಟಿನಾಯಿನ್ ಇರುವ ಚರ್ಮ ಬಿಸಿಲಿಗೆ ಇನ್ನಷ್ಟು ಬೇಗ ಕೆರಳುತ್ತದೆ. ಅಂದರೆ ಈಗ ನಿಮ್ಮ ಕೆನ್ನೆಯಲ್ಲಿರುವ ಕೆಂಪಿನಲ್ಲಿ ಮೊದಲಿನ ಕಾಯಿಲೆ ಎಷ್ಟು, ಕ್ರೀಮಿನ ಕೊಡುಗೆ ಎಷ್ಟು ಎಂದು ಬೇರ್ಪಡಿಸುವುದು ನನಗೂ ಕಷ್ಟ. ಚರ್ಮ ಸುಟ್ಟದ್ದಕ್ಕಿಂತ ಸಾಕ್ಷಿಯನ್ನು ಅಳಿಸಿದ್ದೇ ಈ ಕ್ರೀಮು ಮಾಡಿದ ದೊಡ್ಡ ಕೇಡು. ಟ್ಯೂಬನ್ನು ಇವತ್ತೇ ಪೂರ್ತಿ ನಿಲ್ಲಿಸಬೇಕೋ, ದಿನ ಬಿಟ್ಟು ದಿನ ಮಾಡಿ ಇಳಿಸಬೇಕೋ ಎಂಬುದನ್ನು ಚರ್ಮವೈದ್ಯರು ಮುಖ ನೋಡಿ ಹೇಳಬೇಕು. ಸ್ಟಿರಾಯ್ಡ್ ಅಲ್ಲದ ಟ್ಯಾಕ್ರೊಲಿಮಸ್ ಮುಲಾಮನ್ನು ನಡುವೆ ಆಸರೆಯಾಗಿ ಕೊಡುವುದುಂಟು. ಮೊದಮೊದಲು ಅದೂ ಸ್ವಲ್ಪ ಉರಿಯುತ್ತದೆ, ಹೆದರಬೇಡಿ. ಮುಖ ತಿಳಿಯಾಗಲು ಕೆಲವು ವಾರ, ಕೆಲವರಿಗೆ ಕೆಲವು ತಿಂಗಳೇ ಬೇಕು.

ಎ.ಎನ್.ಎ. ರಿಪೋರ್ಟಿನ ಬಗ್ಗೆ ಸ್ವಲ್ಪ ಲೆಕ್ಕ ಮಾಡೋಣ. ನ್ಯೂಕ್ಲಿಯಸ್ಸಿನ ವಿರುದ್ಧದ ಪ್ರತಿಕಾಯಗಳನ್ನು ಹುಡುಕುವ ಪರೀಕ್ಷೆ ಇದು. 1:160 ಅಂದರೆ ನಿಮ್ಮ ರಕ್ತದ ಸೀರಂ ಅನ್ನು 160 ಪಟ್ಟು ತೆಳುಮಾಡಿದ ಮೇಲೂ ಅವು ಕಂಡವು ಎಂದರ್ಥ. ಯಾವ ಕಾಯಿಲೆಯೂ ಇಲ್ಲದ ನೂರು ಜನರನ್ನು ನಿಲ್ಲಿಸಿ ನೋಡಿದರೆ ಸುಮಾರು ಐದು ಜನರಿಗೆ ಈ ಮಟ್ಟದಲ್ಲಿ ಪಾಸಿಟಿವ್ ಬರುತ್ತದೆ. 1:80ರಲ್ಲಿ ಹದಿಮೂರು ಜನರಿಗೆ. ರಾಣೆಬೆನ್ನೂರಿನಂಥ ಲಕ್ಷ ಜನರ ಊರಿನಲ್ಲಿ ಎಲ್ಲರಿಗೂ ಮಾಡಿಸಿದರೆ ಐದು ಸಾವಿರದಷ್ಟು ಪಾಸಿಟಿವ್ ರಿಪೋರ್ಟು ಕೈಗೆ ಬರುತ್ತವೆ. ಲೂಪಸ್ ಇರುವವರು ಅವರಲ್ಲಿ ಬೆರಳೆಣಿಕೆಯಷ್ಟು ಜನ. ಥೈರಾಯ್ಡ್ ತೊಂದರೆಯಲ್ಲೂ ಇದು ಪಾಸಿಟಿವ್ ಆಗುತ್ತದೆ, ಕೆಲವು ಸೋಂಕುಗಳಲ್ಲೂ, ಕೆಲವು ಮಾತ್ರೆ ನುಂಗುವವರಲ್ಲೂ.

ಹಾಗಾದರೆ ಈ ಪರೀಕ್ಷೆ ಏಕೆ? ಇದರ ನಿಜವಾದ ಬೆಲೆ ತಿರುಗಿಸಿ ಓದಿದಾಗ ಇದೆ. ಲೂಪಸ್ ಇರುವವರಲ್ಲಿ ಬಹುತೇಕ ಎಲ್ಲರಿಗೂ ಇದು 1:80 ಅಥವಾ ಅದಕ್ಕಿಂತ ಮೇಲೆ ಪಾಸಿಟಿವ್ ಇರುತ್ತದೆ. ನೆಗೆಟಿವ್ ಬಂದರೆ ಲೂಪಸ್ ಬಾಗಿಲು ಹೆಚ್ಚುಕಡಿಮೆ ಮುಚ್ಚಿದಂತೆ. ಪಾಸಿಟಿವ್ ಬಂದರೆ ಬಾಗಿಲು ತೆರೆಯಿತು ಅಷ್ಟೇ, ಒಳಗೆ ಯಾರಿದ್ದಾರೆ ಎಂದು ಗೊತ್ತಾಗಿಲ್ಲ. ಒಂದು ಮಾತು ನೆನಪಿಡಿ: ಪರೀಕ್ಷೆ ಇಮ್ಯುನೋಫ್ಲೋರೊಸೆನ್ಸ್ ವಿಧಾನದಲ್ಲಿ ಆಗಿರಬೇಕು. ಸಣ್ಣ ಲ್ಯಾಬುಗಳು ಕೆಲವೊಮ್ಮೆ ಎಲೈಸಾದಲ್ಲಿ ಮಾಡಿ ಬರಿಯ ಸಂಖ್ಯೆ ಕೊಡುತ್ತವೆ, ಅದನ್ನು ಹೀಗೆ ಓದಲಾಗದು. ನಿಮ್ಮದು 1:160 ಎಂದು ಬಂದಿರುವುದರಿಂದ ಬಹುಶಃ ಸರಿಯಾದ ವಿಧಾನವೇ. ಇನ್ನು ಮೇಲೆ ಅದನ್ನು ಮತ್ತೆ ಮತ್ತೆ ಮಾಡಿಸಬೇಡಿ. ಒಮ್ಮೆ ಪಾಸಿಟಿವ್ ಆದ ಮೇಲೆ ಏರಿತೋ ಇಳಿಯಿತೋ ಎಂದು ನೋಡುವುದರಲ್ಲಿ ಅರ್ಥವಿಲ್ಲ, ದುಡ್ಡು ದಂಡ.

ಈಗ ಬೆರಳುಗಳಿಗೆ ಬರೋಣ. 2019ರಲ್ಲಿ ಯುರೋಪ್ ಮತ್ತು ಅಮೆರಿಕದ ಕೀಲುವಾತ ತಜ್ಞರ ಸಂಘಗಳು ಸೇರಿ ಲೂಪಸ್‌ಗೆ ಒಂದು ಅಂಕಪಟ್ಟಿ ಮಾಡಿವೆ. ಅದು ಸಂಶೋಧನೆಗೆ ರೋಗಿಗಳನ್ನು ಆರಿಸಲು ಮಾಡಿದ್ದು, ಮನೆಯಲ್ಲಿ ಕೂತು ಕಾಯಿಲೆ ತೀರ್ಮಾನಿಸಲು ಅಲ್ಲ. ಆದರೂ ನಾವು ಹೇಗೆ ಯೋಚಿಸುತ್ತೇವೆಂದು ತೋರಿಸಲು ಅದು ಚೆನ್ನಾಗಿದೆ. ಎ.ಎನ್.ಎ. ಪಾಸಿಟಿವ್ ಅದಕ್ಕೆ ಪ್ರವೇಶಪತ್ರ ಮಾತ್ರ, ಅದಕ್ಕೆ ಒಂದಂಕವೂ ಇಲ್ಲ. ಒಟ್ಟು 10 ಅಂಕ ಆಗಬೇಕು. ಎರಡು ಅಥವಾ ಹೆಚ್ಚು ಕೀಲು ಊದಿದ್ದರೆ, ಇಲ್ಲವೇ ಒತ್ತಿದರೆ ನೋವಿದ್ದು ಬೆಳಗಿನ ಬಿಗಿತ ಕನಿಷ್ಠ ಅರ್ಧ ಗಂಟೆ ಇದ್ದರೆ 6 ಅಂಕ. ವೈದ್ಯರು ಕಣ್ಣಾರೆ ನೋಡಿ ಒಪ್ಪಿದ ಚಿಟ್ಟೆ ಗುರುತಿಗೆ 6. ಕಲೆಯಿಲ್ಲದೆ ಕೂದಲು ತೆಳುವಾಗಿದ್ದರೆ 2. ಆದರೆ ಚರ್ಮ ಮತ್ತು ಕೂದಲು ಒಂದೇ ಗುಂಪು, ಆ ಗುಂಪಿನಿಂದ ದೊಡ್ಡ ಅಂಕವೊಂದನ್ನೇ ತೆಗೆದುಕೊಳ್ಳಬೇಕು.

ನಿಮ್ಮದನ್ನು ಕೂಡಿಸಿ ನೋಡಿ. ಕೆನ್ನೆಯದು ನಿಜವಾದ ಚಿಟ್ಟೆಯಾಗಿದ್ದರೆ ಆರು ಮತ್ತು ಆರು, ಹನ್ನೆರಡು, ಗೆರೆ ದಾಟಿತು. ಅದು ಕ್ರೀಮಿನ ಕೆಂಪಾಗಿದ್ದರೆ ಕೀಲಿಗೆ ಆರು, ಕೂದಲಿಗೆ ಎರಡು, ಎಂಟಕ್ಕೇ ನಿಂತಿತು. ಲೂಪಸ್ಸಿಗಿಂತ ಬೇರೆ ಕಾರಣವೇ ಹೆಚ್ಚು ಸಂಭವವಿರುವ ಯಾವ ಲಕ್ಷಣಕ್ಕೂ ಅಂಕ ಕೊಡಬಾರದು ಎಂಬುದು ಆ ಪಟ್ಟಿಯ ಮೊದಲ ನಿಯಮ. ಎಂಟಕ್ಕೂ ಹನ್ನೆರಡಕ್ಕೂ ನಡುವೆ ಕೂತಿರುವುದು ಆ ಟ್ಯೂಬು. ಬೆರಳಿನ ಆರು ಅಂಕಕ್ಕೂ ಇದೇ ನಿಯಮ. ಕಳೆದ ಒಂದು ವರ್ಷದಲ್ಲಿ ಜ್ವರ ಬಂದು ಕೈಕಾಲು ಹಿಡಿದುಕೊಂಡಿತ್ತೇ? ನಮ್ಮ ಕಡೆ ಚಿಕುನ್‌ಗುನ್ಯಾ ಬಂದು ಹೋದ ಮೇಲೆ ಬೆರಳುಗಳ ಬಿಗಿತ ತಿಂಗಳುಗಟ್ಟಲೆ ಉಳಿಯುವುದನ್ನು ಎಷ್ಟು ನೋಡಿದ್ದೇನೋ. ರುಮಟಾಯ್ಡ್ ಸಂಧಿವಾತವೂ ಬೆಳಿಗ್ಗೆಯೇ ಕಾಡುತ್ತದೆ. ಕೂದಲಿಗೆ ರಕ್ತಹೀನತೆ, ಥೈರಾಯ್ಡ್ ಕಾರಣವಾಗಿರಬಹುದು.

ಹಾಗಾಗಿ ಉಳಿದ ಅಂಕಗಳನ್ನು ಮುಖ ನೋಡದೆ ಹೇಳಬಲ್ಲ ಕಡೆಯಿಂದ ತರಬೇಕು. ರಕ್ತದಿಂದ, ಮೂತ್ರದಿಂದ. ಬಿಳಿ ರಕ್ತಕಣ 4,000ಕ್ಕಿಂತ ಕಡಿಮೆ ಇದ್ದು ಅದಕ್ಕೆ ಬೇರೆ ಕಾರಣ ಇಲ್ಲದಿದ್ದರೆ 3 ಅಂಕ. ನಿಮ್ಮ ಎಂಟಕ್ಕೆ ಅದು ಸೇರಿದರೆ ಹನ್ನೊಂದು. ನೋಡಿ, ರಕ್ತಕಣಗಳನ್ನು ಎಣಿಸುವ ಒಂದು ಸಾಮಾನ್ಯ ಸಿ.ಬಿ.ಸಿ. ಎಷ್ಟು ದೂರ ಕರೆದೊಯ್ಯುತ್ತದೆ!

ಆದರೆ ಸಿ.ಬಿ.ಸಿ.ಗಿಂತಲೂ ಮೊದಲು ಮೂತ್ರ. ಬ್ಯಾಡಗಿ ಕಡೆಯ ಒಬ್ಬ ಹೆಣ್ಣುಮಗಳು ಕೆಲ ವರ್ಷದ ಹಿಂದೆ ನನ್ನ ಬಳಿ ಬಂದಿದ್ದಳು. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ, ವರ್ಷದಿಂದ ಮುಖದ ಕೆಂಪು. ಕೈಯಲ್ಲಿ ಫೈಲು ದಪ್ಪಗಿತ್ತು. ಮೂರು ಊರಿನ ಮೂರು ಲ್ಯಾಬಿನಲ್ಲಿ ಎ.ಎನ್.ಎ. ಆಗಿತ್ತು, ಎಲ್ಲಾ ಪಾಸಿಟಿವ್. ಆ ಫೈಲಿನಲ್ಲಿ ಒಂದೇ ಒಂದು ಮೂತ್ರದ ರಿಪೋರ್ಟು ಇರಲಿಲ್ಲ. ಪಾದ ಊದಿದ್ದವು, ಚಪ್ಪಲಿ ಬಾರಿನ ಗುರುತು ಚರ್ಮದಲ್ಲಿ ಇಳಿದಿತ್ತು. ಅಂದೇ ಮಾಡಿಸಿದ ಪರೀಕ್ಷೆಯಲ್ಲಿ ಮೂತ್ರದ ಪ್ರೋಟೀನ್ ಮತ್ತು ಕ್ರಿಯಾಟಿನಿನ್‌ನ ಅನುಪಾತ 3ರ ಮೇಲಿತ್ತು. 0.2ರ ಒಳಗಿರಬೇಕಾದದ್ದು. ಮೂತ್ರಪಿಂಡದ ಬಯಾಪ್ಸಿಯಲ್ಲಿ ನಾಲ್ಕನೇ ದರ್ಜೆಯ ಲೂಪಸ್ ನೆಫ್ರೈಟಿಸ್, ಅಂದರೆ ಲೂಪಸ್ಸಿನಿಂದ ಮೂತ್ರಪಿಂಡದ ಉರಿಯೂತ. ಚಿಕಿತ್ಸೆಗೆ ಸ್ಪಂದಿಸಿದಳು, ಈಗ ಕೆಲಸಕ್ಕೂ ಹೋಗುತ್ತಾಳೆ. ಆದರೆ ಕಳೆದುಹೋದ ಆ ವರ್ಷದ ಗುರುತು ಮೂತ್ರಪಿಂಡದ ಕೆಲಸ ಅಳೆಯುವ ಅವಳ ರಕ್ತದ ಕ್ರಿಯಾಟಿನಿನ್‌ನಲ್ಲಿ ಉಳಿದುಬಿಟ್ಟಿದೆ.

ದೇಹವ್ಯಾಪಿ ಲೂಪಸ್ ಇರುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಯಾವಾಗಲಾದರೂ ಮೂತ್ರಪಿಂಡಕ್ಕೆ ತಾಗುತ್ತದೆ. ಆಗ ಬೆನ್ನು ನೋಯುವುದಿಲ್ಲ, ಮೂತ್ರ ಉರಿಯುವುದಿಲ್ಲ. ನೊರೆ ಹೆಚ್ಚಾಗುವುದು, ಬೆಳಿಗ್ಗೆ ಕಣ್ಣಿನ ಸುತ್ತ ಊದುವುದು, ಬಿ.ಪಿ. ಏರುವುದು ಇವೆಲ್ಲ ಆಮೇಲೆ. ಅದಕ್ಕೇ ಬೆಳಗಿನ ಮೊದಲ ಮೂತ್ರ ಕೊಟ್ಟು ಪ್ರೋಟೀನ್, ರಕ್ತಕಣ ಮತ್ತು ಆ ಅನುಪಾತ ನೋಡಿಸಿ. ಮುಟ್ಟಿನ ದಿನಗಳಲ್ಲಿ ಕೊಡಬೇಡಿ, ಲೆಕ್ಕ ತಪ್ಪುತ್ತದೆ. ಅನುಪಾತ 0.5ಕ್ಕಿಂತ ಮೇಲಿದ್ದರೆ ಇನ್ನೊಮ್ಮೆ ಮಾಡಿ ಖಾತ್ರಿಪಡಿಸಿಕೊಳ್ಳುತ್ತೇವೆ, ಹಾಗೇ ಉಳಿದರೆ ಬಯಾಪ್ಸಿಯ ಮಾತು ಬರುತ್ತದೆ.

ಉಳಿದ ಪರೀಕ್ಷೆಗಳನ್ನು ಎರಡು ಸುತ್ತಿನಲ್ಲಿ ಮಾಡಿಸುವುದು ನನ್ನ ರೂಢಿ. ಮೊದಲ ಸುತ್ತಿನವು ತಾಲ್ಲೂಕು ಕೇಂದ್ರದಲ್ಲೇ ಆಗುತ್ತವೆ: ಬಿ.ಪಿ., ಸಿ.ಬಿ.ಸಿ., ಕ್ರಿಯಾಟಿನಿನ್, ಥೈರಾಯ್ಡ್, ಇ.ಎಸ್.ಆರ್. ಮತ್ತು ಸಿ.ಆರ್.ಪಿ. ಕೊನೆಯ ಎರಡು ಉರಿಯೂತದ ಅಳತೆಗಳು, ಅವನ್ನು ಜೊತೆಯಲ್ಲಿ ಓದಬೇಕು. ಲೂಪಸ್ ಕೆರಳಿದಾಗ ಇ.ಎಸ್.ಆರ್. ಏರಿದರೂ ಸಿ.ಆರ್.ಪಿ. ಅನೇಕ ವೇಳೆ ಮಾಮೂಲಿಯಾಗೇ ಇರುತ್ತದೆ. ಸಿ.ಆರ್.ಪಿ. ಜಾಸ್ತಿ ಏರಿದ್ದರೆ ಎಲ್ಲೋ ಸೋಂಕಿದೆಯೇ ಎಂದು ಹುಡುಕುತ್ತೇವೆ.

ಎರಡನೆಯ ಸುತ್ತು ದುಬಾರಿ. ಮೊದಲಿನದನ್ನು ನೋಡಿ, ವೈದ್ಯರು ಕೈ ಮುಟ್ಟಿ ಪರೀಕ್ಷಿಸಿದ ಮೇಲೆಯೇ ಅದಕ್ಕೆ ಹೋಗಬೇಕು. ಡಬಲ್ ಸ್ಟ್ರಾಂಡೆಡ್ ಡಿ.ಎನ್.ಎ. ಮತ್ತು ಸ್ಮಿತ್ ಎಂಬ ಎರಡು ಪ್ರತಿಕಾಯಗಳು ಲೂಪಸ್ ಅಲ್ಲದವರಲ್ಲಿ ಅಪರೂಪ. ಇವೆರಡರಲ್ಲಿ ಒಂದು ಸ್ಪಷ್ಟವಾಗಿ ಪಾಸಿಟಿವ್ ಆದರೆ 6 ಅಂಕ, ನಮಗೂ ಧೈರ್ಯ. ನೆಗೆಟಿವ್ ಆದರೆ ಲೂಪಸ್ ಇಲ್ಲ ಎನ್ನಲಾಗದು, ಎಷ್ಟೋ ಲೂಪಸ್ ರೋಗಿಗಳಲ್ಲಿ ಇವು ಇರುವುದೇ ಇಲ್ಲ. ಸಿ3, ಸಿ4 ಎಂಬ ಕಾಂಪ್ಲಿಮೆಂಟ್ ಪ್ರೋಟೀನ್‌ಗಳು ಕಾಯಿಲೆ ಉರಿಯುತ್ತಿರುವಾಗ ಖರ್ಚಾಗಿ ಇಳಿಯುತ್ತವೆ. ಆ್ಯಂಟಿ-ರೋ ಪ್ರತಿಕಾಯ ಬಿಸಿಲಿನ ತೊಂದರೆ ಇರುವವರಲ್ಲಿ ಹೆಚ್ಚಾಗಿ ಸಿಗುತ್ತದೆ, ನಿಮಗೆ ಅದು ಮಗುವಿನ ದೃಷ್ಟಿಯಿಂದಲೂ ಬೇಕು. ಜೊತೆಗೆ ರಕ್ತ ಹೆಪ್ಪುಗಟ್ಟಿಸುವ ಆ್ಯಂಟಿಫಾಸ್ಫೋಲಿಪಿಡ್ ಪ್ರತಿಕಾಯಗಳು. ಇವು ಇರುವ ಕೆಲವರಿಗೆ ಬಸುರಿನ ತಪಾಸಣೆಯಲ್ಲಿ ವಿ.ಡಿ.ಆರ್.ಎಲ್. ಎಂಬ ಸಿಫಿಲಿಸ್ ಪರೀಕ್ಷೆ ಸುಳ್ಳು ಪಾಸಿಟಿವ್ ಬಂದು, ಮನೆಯಲ್ಲಿ ಗಂಡನನ್ನೋ ಹೆಂಡತಿಯನ್ನೋ ಅನುಮಾನಿಸಿ ಜಗಳವಾದದ್ದನ್ನು ನಾನು ಬಿಡಿಸಿದ್ದೇನೆ. ನಿಮ್ಮ ಮೊದಲ ಬಸುರಿನ ಕಾರ್ಡಿನಲ್ಲಿ ಏನು ಬರೆದಿದೆ, ಒಮ್ಮೆ ತೆಗೆದು ನೋಡಿ. ಕೆಲವು ಲ್ಯಾಬುಗಳ ಪಟ್ಟಿಯಲ್ಲಿ ಇನ್ನೂ "ಎಲ್.ಇ. ಸೆಲ್" ಎಂಬ ಹಳೆಯ ಲೂಪಸ್ ಪರೀಕ್ಷೆ ಕಾಣುತ್ತದೆ. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಅದನ್ನು ಕಂಡುಹಿಡಿದಾಗ ದೊಡ್ಡ ಸಾಧನೆ, ಇಂದು ಅದಕ್ಕೆ ದುಡ್ಡು ಕೊಡಬೇಕಿಲ್ಲ.

ಇಷ್ಟೆಲ್ಲ ಆಗಿಯೂ ಮುಖದ ಬಗ್ಗೆ ಅನುಮಾನ ಉಳಿದರೆ ಚರ್ಮದ ಬಯಾಪ್ಸಿ ಇದೆ. ಮರಗಟ್ಟಿಸಿ, ಪೆನ್ಸಿಲ್ಲಿಗಿಂತ ಸಣ್ಣ, ನಾಲ್ಕು ಮಿಲಿಮೀಟರಿನ ಚೂರು ತೆಗೆಯುತ್ತಾರೆ, ಒಂದೆರಡು ಹೊಲಿಗೆ. ಮುಖದಲ್ಲಿ ಸಣ್ಣ ಗುರುತು ಉಳಿಯಬಹುದು, ಅದಕ್ಕೇ ಎಲ್ಲರಿಗೂ ಮಾಡುವುದಿಲ್ಲ. ಸ್ಟಿರಾಯ್ಡ್ ಹಚ್ಚುತ್ತಿರುವಾಗ ಮಾಡಿದರೆ ಉತ್ತರವೂ ಮಸುಕು. ಎರಡು ಚೂರು ಬೇಕಾಗುತ್ತದೆ: ಒಂದು ಫಾರ್ಮಲಿನ್‌ನಲ್ಲಿ, ಇನ್ನೊಂದು ಇಮ್ಯುನೋಫ್ಲೋರೊಸೆನ್ಸ್‌ಗಾಗಿ ಬೇರೆ ದ್ರಾವಣದಲ್ಲಿ. ಎರಡನ್ನೂ ಫಾರ್ಮಲಿನ್‌ಗೆ ಹಾಕಿ ಕಳಿಸಿ ಎರಡನೆಯ ಪರೀಕ್ಷೆ ವ್ಯರ್ಥವಾಗಿದ್ದು ನನ್ನ ಅನುಭವದಲ್ಲೇ ಎರಡು ಸಲ ಆಗಿದೆ, ಆದ್ದರಿಂದ ಕೇಳಿ ಖಾತ್ರಿಮಾಡಿಕೊಳ್ಳುವುದರಲ್ಲಿ ಸಂಕೋಚ ಬೇಡ. ರಿಪೋರ್ಟಿನಲ್ಲಿ "ಲೂಪಸ್ ವಲ್ಗ್ಯಾರಿಸ್" ಎಂಬ ಹೆಸರು ಕಂಡರೆ ಅದು ಚರ್ಮದ ಕ್ಷಯ. ತೋಳ ಕಚ್ಚಿದಂಥ ಗಾಯ ಎಂಬ ಅರ್ಥದಲ್ಲಿ ಹಿಂದಿನವರು ಎರಡಕ್ಕೂ ಒಂದೇ ಲ್ಯಾಟಿನ್ ಪದ ಇಟ್ಟರು, ಗೊಂದಲ ಇಂದಿಗೂ ಮುಗಿದಿಲ್ಲ.

ಉತ್ತರ ಲೂಪಸ್ ಎಂದೇ ಬಂದರೆ ಏನು? ಸ್ಟಿರಾಯ್ಡ್ ಮೊದಲ ಮಾತ್ರೆಯಲ್ಲ. ಒಗ್ಗದಿರುವ ಕಾರಣ ಇಲ್ಲದಿದ್ದರೆ ಎಲ್ಲರಿಗೂ ಕೊಡುವುದು ಹೈಡ್ರಾಕ್ಸಿಕ್ಲೋರೊಕ್ವಿನ್. ಕೋವಿಡ್ ಕಾಲದಲ್ಲಿ ಊರೆಲ್ಲ ಹುಡುಕಾಡಿದ್ದು ಇದೇ ಮಾತ್ರೆಯನ್ನು. ಅದು ಚರ್ಮ, ಕೀಲು ಎರಡನ್ನೂ ಶಮನ ಮಾಡುತ್ತದೆ, ಕಾಯಿಲೆ ಮರುಕಳಿಸುವುದನ್ನು ತಗ್ಗಿಸುತ್ತದೆ. ಪರಿಣಾಮ ಕಾಣಲು ಎರಡು ಮೂರು ತಿಂಗಳು ಬೇಕು, ಎರಡೇ ವಾರಕ್ಕೆ ಕೆಲಸ ಮಾಡಲಿಲ್ಲ ಎಂದು ಬಿಡುವವರೇ ಜಾಸ್ತಿ. ಪ್ರಮಾಣ ತೂಕದ ಮೇಲೆ: ಕೆ.ಜಿ.ಗೆ ದಿನಕ್ಕೆ 5 ಮಿ.ಗ್ರಾಂ ಮೀರದಂತೆ. 52 ಕೆ.ಜಿ. ತೂಕದವರಿಗೆ 260ರ ಒಳಗೆ, ಹಾಗಾಗಿ ಒಂದು ದಿನ 200, ಮರುದಿನ 300 ಎಂದು ಬರೆದುಕೊಡುತ್ತೇವೆ. ಇದರ ಭಯ ಕಣ್ಣಿನದು. ರೆಟಿನಾಗೆ ಹಾನಿಯಾಗಬಹುದು ಎಂಬುದು ನಿಜ, ಆದರೆ ಈ ಪ್ರಮಾಣದೊಳಗೆ ಮೊದಲ ಹತ್ತು ವರ್ಷ ನೂರರಲ್ಲಿ ಇಬ್ಬರಿಗಿಂತ ಕಡಿಮೆ. ಮೊದಲ ವರ್ಷದೊಳಗೆ ಒಮ್ಮೆ ಕಣ್ಣಿನ ಪರೀಕ್ಷೆ, ಐದು ವರ್ಷದ ಮೇಲೆ ವರ್ಷಕ್ಕೊಮ್ಮೆ. ಮೂತ್ರಪಿಂಡದ ತೊಂದರೆ ಇದ್ದರೆ ಇನ್ನೂ ಬೇಗ.

ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಮಾತ್ರೆ ಕೀಲು ತೀರಾ ಹಿಡಿದಾಗ, ಮೂತ್ರಪಿಂಡಕ್ಕೆ ತಾಗಿದಾಗ ಬೇಕಾಗುತ್ತದೆ. ಬೇಕಾದಾಗ ಹಿಂಜರಿಯಬಾರದು, ಉಳಿಸಿಕೊಂಡು ಕೂರಲೂಬಾರದು. 2023ರ ಯುರೋಪಿನ ಮಾರ್ಗಸೂಚಿ ದಿನಕ್ಕೆ 5 ಮಿ.ಗ್ರಾಂಗೆ ಇಳಿಸಿ, ಸಾಧ್ಯವಾದರೆ ಪೂರ್ತಿ ಬಿಡಿಸಿ ಎನ್ನುತ್ತದೆ. ನೀವಾಗಿ ಥಟ್ಟನೆ ನಿಲ್ಲಿಸುವುದು ಮಾತ್ರ ಅಪಾಯ. ಇನ್ನು ಕೆಲವರದು ಚರ್ಮದಲ್ಲೇ ನಿಲ್ಲುವ ಲೂಪಸ್, ಒಳಗೆ ಹೋಗುವುದೇ ಇಲ್ಲ. ಮತ್ತೆ ಕೆಲವರಲ್ಲಿ ಈಗ ಹೌದೋ ಅಲ್ಲವೋ ಎಂದೇ ಹೇಳಲಾಗದು. ಅಂಥವರಿಗೆ ಸುಮ್ಮನೆ ಹೆಸರು ಹಚ್ಚದೆ ಮೂರು ತಿಂಗಳಿಗೊಮ್ಮೆ ಮೂತ್ರ, ಸಿ.ಬಿ.ಸಿ. ನೋಡುತ್ತಾ ಹೋಗುತ್ತೇನೆ. ಎ.ಎನ್.ಎ. ಪಾಸಿಟಿವ್ ಎಂಬ ಒಂದೇ ಕಾರಣಕ್ಕೆ ವರ್ಷವಿಡೀ ಪ್ರೆಡ್ನಿಸೊಲೋನ್ ನುಂಗಿ, ಸಕ್ಕರೆ ಕಾಯಿಲೆ ಬರಿಸಿಕೊಂಡು ಬಂದ ಹುಡುಗಿಯೊಬ್ಬಳಿದ್ದಳು. ಅವಳ ಮುಖದಲ್ಲಿದ್ದದ್ದು ರೊಸೇಶಿಯಾ.

ಎರಡನೆಯ ಮಗುವಿಗೆ ಲೂಪಸ್ ಅಡ್ಡಿಯಲ್ಲ, ಸಮಯ ನೋಡಿಕೊಳ್ಳಬೇಕು ಅಷ್ಟೇ. ಕಾಯಿಲೆ ಕನಿಷ್ಠ ಆರು ತಿಂಗಳು ಶಾಂತವಾಗಿದ್ದ ಮೇಲೆ ಬಸುರಾದರೆ ತಾಯಿಗೂ ಮಗುವಿಗೂ ಒಳ್ಳೆಯದು. ಆ್ಯಂಟಿ-ರೋ ಪಾಸಿಟಿವ್ ಇದ್ದರೆ ನೂರರಲ್ಲಿ ಒಂದೆರಡು ಶಿಶುಗಳಿಗೆ ಹೃದಯಬಡಿತದ ತಡೆ ಬರಬಹುದು, ಹಾಗಾಗಿ ಗರ್ಭದಲ್ಲೇ ಹೃದಯದ ಸ್ಕ್ಯಾನ್ ಮಾಡಿಸುತ್ತೇವೆ. ಹೈಡ್ರಾಕ್ಸಿಕ್ಲೋರೊಕ್ವಿನ್ ಬಸುರಿನಲ್ಲೂ ಮುಂದುವರಿಸಬೇಕು, ಬಿಡಬಾರದು. ಲೂಪಸ್‌ಗೆ ಕೊಡುವ ಬೇರೆ ಕೆಲವು ಔಷಧಿ ಗರ್ಭಕ್ಕೆ ಆಗದು. ಹಾಗೆಯೇ ನಿಮ್ಮ ಆ ಕ್ರೀಮಿನ ಟ್ರೆಟಿನಾಯಿನ್ ಕೂಡ ಬಸುರಿನಲ್ಲಿ ಬೇಡ ಎನ್ನುತ್ತೇವೆ. ಈ ಪರೀಕ್ಷೆಗಳೆಲ್ಲ ಮುಗಿಯುವವರೆಗೆ ಬಸುರನ್ನು ಮುಂದೂಡಿ. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ಸದ್ಯಕ್ಕೆ ಬೇಡ, ಆ್ಯಂಟಿಫಾಸ್ಫೋಲಿಪಿಡ್ ಫಲಿತಾಂಶ ಬರಲಿ.

ಅಲ್ಲಿಯವರೆಗೆ ಬಿಸಿಲು. ಉತ್ತರ ಯಾವುದೇ ಬಂದರೂ ಇದು ನಷ್ಟವಿಲ್ಲದ ಕೆಲಸ. ಹತ್ತರಿಂದ ನಾಲ್ಕರವರೆಗಿನ ಮೈದಾನದ ಕೆಲಸವನ್ನು ಬೇರೆ ಟೀಚರಿಗೆ ಬದಲಿಸಿಕೊಳ್ಳಿ, ಹೆಡ್‌ಮಾಸ್ಟರಿಗೆ ವೈದ್ಯರ ಚೀಟಿ ಕೊಡಿ. ಎಸ್.ಪಿ.ಎಫ್. 50ರ ಸನ್‌ಸ್ಕ್ರೀನ್ ತೋರುಬೆರಳು, ನಡುಬೆರಳಿನುದ್ದಕ್ಕೂ ಎರಡು ಗೆರೆ ಹಿಂಡಿಕೊಂಡರೆ ಮುಖ, ಕುತ್ತಿಗೆಗೆ ಒಂದು ಸಲದ ಅಳತೆ. ಬಟಾಣಿಯಷ್ಟು ಹಚ್ಚಿದರೆ ಡಬ್ಬಿಯ ಮೇಲಿನ 50 ನಿಮಗೆ ದಕ್ಕುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ಹಚ್ಚಿದ್ದು ಮಧ್ಯಾಹ್ನದವರೆಗೆ ಇರದು, ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಬಸ್ಸಿನ ಕಿಟಕಿಯ ಗಾಜು ಯು.ವಿ.ಎ. ಕಿರಣವನ್ನು ಪೂರ್ತಿ ತಡೆಯುವುದಿಲ್ಲ, ನೆರಳಿನ ಬದಿಯ ಸೀಟು ಹಿಡಿಯಿರಿ. ಕೊಡೆ, ಸೆರಗು, ಅಗಲ ಅಂಚಿನ ಟೋಪಿ ಇವು ಸನ್‌ಸ್ಕ್ರೀನಿಗಿಂತ ನಂಬಿಕಸ್ಥ. ಬಿಸಿಲು ತಪ್ಪಿಸುವವರಲ್ಲಿ ವಿಟಮಿನ್ ಡಿ ಇಳಿಯುತ್ತದೆ, ಅದನ್ನೂ ಒಮ್ಮೆ ನೋಡಿಸಿ.

ಕೆಲವಕ್ಕೆ ಮಾತ್ರ ಅಪಾಯಿಂಟ್‌ಮೆಂಟ್ ಕಾಯಬೇಡಿ: ಪಾದ ಅಥವಾ ಕಣ್ಣಿನ ಸುತ್ತ ಊತ, ಮೂತ್ರದಲ್ಲಿ ನೊರೆ ಅಥವಾ ಕೆಂಪು, ಉಸಿರೆಳೆದಾಗ ಎದೆ ಚುಚ್ಚುವುದು, ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಇಳಿಯದ ಜ್ವರ, ಫಿಟ್ಸ್ ಅಥವಾ ಮಾತು ಗೊಂದಲವಾಗುವುದು. ಇವು ಕಂಡರೆ ಅಂದೇ ಆಸ್ಪತ್ರೆ.

ಇಲ್ಲದಿದ್ದರೆ ಈ ವಾರ ಮೂತ್ರ, ಬಿ.ಪಿ. ಮತ್ತು ಸಿ.ಬಿ.ಸಿ. ಮಾಡಿಸಿ, ಮುಂದಿನೆರಡು ವಾರದೊಳಗೆ ದಾವಣಗೆರೆಯಲ್ಲೋ ಹುಬ್ಬಳ್ಳಿಯಲ್ಲೋ ರುಮಟಾಲಜಿಸ್ಟ್, ಅಂದರೆ ಕೀಲುವಾತ ತಜ್ಞರೊಬ್ಬರನ್ನು ಕಾಣಿ. ಹೋಗುವಾಗ ಮೊಬೈಲಿನಲ್ಲಿ ಹುಡುಕಿ ನೋಡಿ, ಕ್ರೀಮ್ ಹಚ್ಚುವ ಮೊದಲಿನ ಮುಖದ ಫೋಟೋ ಒಂದಾದರೂ ಇರುತ್ತದೆ, ಕ್ರೀಡಾಕೂಟದ ಗುಂಪು ಫೋಟೋದಲ್ಲಾದರೂ. ಅಳಿಸಿಹೋದ ಸಾಕ್ಷಿಯಲ್ಲಿ ಉಳಿದಿರುವುದು ಅದೊಂದೇ. ಆ ಟ್ಯೂಬನ್ನೂ ಎಸೆಯದೆ, ಖಾಲಿಯಾಗಿದ್ದರೂ ಸರಿ, ಚೀಲದಲ್ಲಿ ಹಾಕಿಕೊಂಡು ಹೋಗಿ.